ಮ್ಯಾಪ್ ಮನೇನೇ ತೋರಿಸ್ತಿದೆ, ಬಲಗಿವಿ ಬಡ್ ಮಾತ್ರ ಸಿಗ್ತಿಲ್ಲ

ವಿಜಯನಗರ_ಚೈತ್ರ (ಸಂಜೆ 7.40)
ಇಂದಿರಾನಗರದಿಂದ ಮೆಟ್ರೋದಲ್ಲಿ ಬಂದು, ವಿಜಯನಗರದಲ್ಲಿ ಇಳಿದು ಆಟೋ ಹಿಡಿದು ಮನೆಗೆ ಬಂದೆ. ಎಡಗಿವಿ ಬಡ್ ಕಿವಿಯಲ್ಲೇ ಇದೆ, ಬಲಗಿವಿದು ಕಾಣ್ತಿಲ್ಲ. ಚಾರ್ಜಿಂಗ್ ಡಬ್ಬಿ ಕೈಲೇ ಇದೆ. ಆಂಡ್ರಾಯ್ಡ್ ಫೋನು. ಕಳೆದದ್ದು ಹುಡುಕೋ ಫೈಂಡ್ ಹಬ್ ಆಪಲ್ಲಿ ಮನೆ ವಿಳಾಸ ತೋರಿಸುತ್ತೆ, ರಿಂಗ್ ಒತ್ತಿದರೆ ಎಡದ್ದು ಮಾತ್ರ ಕೂಗುತ್ತೆ. ಹಾಗಂದ್ರೆ ಮನೇಲೇ ಇದೆ ಅಂತಾನಾ? ಯಾರಿಗಾದ್ರೂ ಹೀಗೆ ಆಗಿದ್ರೆ ಹೇಳಿ.

ಡಬ್ಬಿ ಪ್ರಿಯ
ಡಬ್ಬಿ ಮುಚ್ಚಿದ್ರೆ ಬಡ್ಸ್ ಕೂಗಲ್ಲ ಮೇಡಂ, ಇದು ಎಲ್ಲರೂ ಮಾಡೋ ತಪ್ಪು. ಒಳಗೆ ಕೂತ ತಕ್ಷಣ ಆಫ್ ಆಗಿ ಚಾರ್ಜ್ ಆಗ್ತಾ ಇರುತ್ತವೆ. ಎರಡು ಸಲ ಡಬ್ಬಿ ಸಮೇತ ಕಳ್ಕೊಂಡ ಮೇಲೆ, ಡಬ್ಬಿಗೇ ಸ್ಪೀಕರ್ ಇರೋ ಏರ್‌ಪಾಡ್ಸ್ ಪ್ರೋ 2 ತಗೊಂಡೆ. ಮುಚ್ಚಳ ಮುಚ್ಚಿದ್ರೂ ಡಬ್ಬಿ ಕೂಗುತ್ತೆ. ದುಡ್ಡು ಜಾಸ್ತಿ ಆಯ್ತು ಅಂತ ಮನೇಲಿ ಬೈಸ್ಕೊಂಡೆ, ಆದ್ರೆ ಆ ಮೇಲೆ ಕಳ್ಕೊಂಡಿಲ್ಲ.

ರೇಂಜ್ ರಾಯರು
ಡಬ್ಬಿ ಅವರ ಕೈಲೇ ಇದೆ ಸ್ವಾಮಿ, ಪ್ರಶ್ನೆ ಓದಿ.

ಚೈತ್ರ ಅವರೇ, ಮ್ಯಾಪನ್ನ ಸದ್ಯಕ್ಕೆ ನಂಬಬೇಡಿ. ಬಡ್‌ನಲ್ಲಿ ಜಿಪಿಎಸ್ ಇಲ್ಲ. ಮ್ಯಾಪಲ್ಲಿ ಸಾಮಾನ್ಯವಾಗಿ ಕಾಣೋದು ಬಡ್ಸ್ ಕೊನೇ ಸಲ ಫೋನ್ ಜೊತೆ ಇದ್ದಾಗ ಫೋನ್ ಎಲ್ಲಿತ್ತು ಅನ್ನೋದು. ನಿಮ್ಮ ಎಡಗಡೆದು ಫೋನ್ ಜೊತೆ ಮಾತಾಡ್ತಾ ಮನೆವರೆಗೂ ಬಂತು. ಒಂದು ಬಿದ್ದುಹೋದ್ರೂ ಇನ್ನೊಂದು ಸಂಪರ್ಕ ಹಿಡ್ಕೊಂಡಿರುತ್ತೆ, ಹಾಗಾಗಿ ಫೋನಿಗೆ ಜೋಡಿ ಒಡೆದಿದ್ದೇ ಗೊತ್ತಾಗಲ್ಲ. ಬಲದ್ದು ಕಬ್ಬನ್ ಪಾರ್ಕ್ ಸ್ಟೇಷನ್ನಲ್ಲಿ ಬಿದ್ದಿದ್ರೂ ಮ್ಯಾಪ್ ಮನೇನೇ ತೋರಿಸ್ತಿತ್ತು.

ಮೊದಲು ಬ್ಲೂಟೂತ್ ಸೆಟ್ಟಿಂಗ್ಸಲ್ಲಿ ಅಥವಾ ಬಡ್ಸ್ ಆಪಲ್ಲಿ ಬ್ಯಾಟರಿ ನೋಡಿ. ಎಡಕ್ಕೂ ಬಲಕ್ಕೂ ಬೇರೆ ಬೇರೆ ಅಂಕಿ ಇರುತ್ತೆ. ಬಲಕ್ಕೆ ಬರೀ ಗೀಟು ಇದ್ರೆ ಅದು ಹತ್ತಿರದಲ್ಲಿಲ್ಲ, ಇಲ್ಲಾ ಆಫ್ ಆಗಿದೆ. ಅಂಕಿ ಇದ್ರೂ ಹಿಗ್ಗಬೇಡಿ, ಕೆಲವು ಆಪ್‌ಗಳು ಹಳೇ ಅಂಕೀನೇ ಇಟ್ಕೊಂಡಿರ್ತವೆ. ಅರ್ಧ ಗಂಟೆ ಹಾಡು ಹಾಕಿ, ಬಲದ ಅಂಕಿ ಇಳಿದ್ರೆ ಬಡ್ ಜೀವಂತ ಇದೆ, ರೇಂಜ್ ಒಳಗೇ ಇದೆ. ಬ್ಯಾಟರಿ ಮುಗಿದ್ರೆ ಆಟ ಮುಗೀತು, ಬೇಗ ನೋಡಿ.

ಸಿಗ್ನಲ್ ಸೀನ
ಇಷ್ಟೆಲ್ಲ ಯಾಕೆ ಗುರು? nRF Connect ಅನ್ನೋ ಬ್ಲೂಟೂತ್ ಸ್ಕ್ಯಾನ್ ಆಪ್ ಹಾಕ್ಕೊಂಡು ಸ್ಕ್ಯಾನ್ ಕೊಡಿ. ಸಿಗ್ನಲ್ ಮೈನಸ್ 90 ಅಂದ್ರೆ ದೂರ, ಮೈನಸ್ 50 ಅಂದ್ರೆ ಕಾಲ ಬುಡದಲ್ಲೇ ಇದೆ. ನಂದು ಸೋಫಾ ಸಂದಿಯಲ್ಲಿ ಹೀಗೇ ಸಿಕ್ಕಿದ್ದು.

ರೇಂಜ್ ರಾಯರು
ಸೀನ, ನಿನ್ನ ಬಡ್ಸ್ ತಾನು ಇಲ್ಲಿದೀನಿ ಅಂತ ಕೂಗ್ತಾ ಇತ್ತು, ಅದಕ್ಕೇ ಸಿಕ್ತು. ತುಂಬಾ ಬಡ್ಸ್‌ಗಳು ಫೋನಿಗೆ ಒಮ್ಮೆ ಜೋಡಿಯಾದ್ರೆ ಆ ಕೂಗನ್ನೇ ನಿಲ್ಲಿಸ್ತವೆ, ಸ್ಕ್ಯಾನಲ್ಲಿ ಬರೋದೇ ಇಲ್ಲ. ಅಪಾರ್ಟ್‌ಮೆಂಟಲ್ಲಿ ಸ್ಕ್ಯಾನ್ ಹಾಕಿದ್ರೆ ಪಕ್ಕದ ಮನೆ ಟಿವಿ, ವಾಚು ಎಲ್ಲ ಸೇರಿ ಹೆಸರಿಲ್ಲದ ಮೂವತ್ತು ಸಾಲು ಬರುತ್ತೆ. ಅದರಲ್ಲಿ ಯಾವುದು ನಿಂದು?

ಸಿಗ್ನಲ್ ಸೀನ
ನನಗೆ ಸಿಕ್ಕಿದೆ ಅಂತ ಹೇಳ್ತಿದೀನಿ, ನಿಮ್ಗೆ ಥಿಯರಿ ಬೇಕು.

ಬಿಲ್ಲು ಇಟ್ಕೊಂಡವನು
ಹುಡುಕೋಕೆ ಒಂದು ರಾತ್ರಿ ಕೊಡಿ, ಆಮೇಲೆ ಬಿಡಿ. ಆದ್ರೆ ಒಂಟಿ ಬಡ್ ಕೊಳ್ಳೋಕೆ ಮಾತ್ರ ಹೋಗಬೇಡಿ. ನಂದು ಲೆಕ್ಕ ಕೇಳಿ. ಸರ್ವಿಸ್ ಸೆಂಟರಲ್ಲಿ ಎಡಗಿವಿದು ಒಂದಕ್ಕೆ 1,850, ಮೇಲೆ ಶೇ. 18 ಜಿಎಸ್‌ಟಿ 333, ಒಟ್ಟು 2,183. ಹನ್ನೊಂದು ದಿನ ಕಾದೆ. ಹೋಗಿ ಬರೋ ಆಟೋಗೆ ಎರಡು ಸಲಕ್ಕೆ 460. ಬಂದ ಮೇಲೆ ಹಳೇದರ ಜೊತೆ ಜೋಡಿ ಆಗಲಿಲ್ಲ, ಯಾಕಂದ್ರೆ ಒಳಗಿನ ಸಾಫ್ಟ್‌ವೇರ್ ಆವೃತ್ತಿ ಬೇರೆ. ಎರಡನ್ನೂ ಡಬ್ಬಿಯಲ್ಲಿಟ್ಟು ರೀಸೆಟ್ ಮಾಡಿ, ಅಪ್‌ಡೇಟ್ ಕೊಟ್ಟು, ಮತ್ತೆ ರೀಸೆಟ್ ಮಾಡಿದ ಮೇಲೆ ಆಯ್ತು. ಈಗ ಹಳೇದು ಮೂರು ಗಂಟೆಗೆ ಸಾಯುತ್ತೆ, ಹೊಸದು ಐದು ಗಂಟೆ ಬರುತ್ತೆ. ಹೊಸ ಜೋಡಿ 2,999ಕ್ಕೆ ಇತ್ತು.

ಎಸ್‌ಪಿ ರೋಡ್ ಭಕ್ತ
ಎಸ್‌ಪಿ ರೋಡಲ್ಲಿ ಒಂಟಿ ಬಡ್ 600ಕ್ಕೆ ಸಿಗ್ತಿತ್ತಲ್ಲ. ಮಾಡಲ್ ನಂಬರ್ ಹೊಂದಿಸಿ ತಗೋಬೇಕು, ಅಷ್ಟೇ.

ಬಿಲ್ಲು ಇಟ್ಕೊಂಡವನು
ಅದು ಇನ್ಯಾರೋ ಕಳ್ಕೊಂಡಿದ್ದು. ಅವರೂ ಹೀಗೇ ಅಳ್ತಾ ಇರ್ತಾರೆ.

ಎಸ್‌ಪಿ ರೋಡ್ ಭಕ್ತ
ಡಬ್ಬಿ ಕೆಟ್ಟವರು ಬಡ್ ಮಾರ್ತಾರೆ ಸಾರ್. ಎಲ್ಲರನ್ನೂ ಕಳ್ಳರು ಮಾಡ್ಬೇಡಿ.

ವಿಜಯನಗರ_ಚೈತ್ರ (ರಾತ್ರಿ 9.05)
ಬಲಕ್ಕೆ 40 ಇತ್ತು, ಹಾಡು ಹಾಕಿದ ಮೇಲೆ 30 ಆಗಿದೆ! ಆದ್ರೆ ಸದ್ದು ಎಲ್ಲೂ ಇಲ್ಲ.

ರೇಂಜ್ ರಾಯರು
ಹಾಗಾದ್ರೆ ಮೆಟ್ರೋನೂ ಅಲ್ಲ, ಆಟೋನೂ ಅಲ್ಲ. ಈಗ ಎಡದ್ದನ್ನ ಡಬ್ಬಿಗೆ ಹಾಕಿ ಮುಚ್ಚಿ. ಲ್ಯಾಪ್‌ಟಾಪ್ ಬ್ಲೂಟೂತ್ ಆಫ್ ಮಾಡಿ, ಅದು ಮಧ್ಯೆ ಬಂದು ಹಿಡ್ಕೊಳ್ಳುತ್ತೆ. ಈಗ ಫೋನ್ ಮಾತಾಡೋದು ಬಲದ್ದರ ಜೊತೆ ಮಾತ್ರ.

ಫ್ಯಾನು, ಫ್ರಿಜ್ಜು, ಟಿವಿ ಎಲ್ಲ ಆಫ್. ಫೈಂಡ್ ಹಬ್ ರಿಂಗ್ ಬರದಿದ್ರೆ ಫುಲ್ ವಾಲ್ಯೂಮಲ್ಲಿ 3,000 ಹರ್ಟ್ಸ್ ಆಸುಪಾಸಿನ ಬೀಪ್ ಬೀಪ್ ಸದ್ದು ಪ್ಲೇ ಮಾಡಿ. ನಮ್ಮ ಕಿವಿಗೆ ಚೆನ್ನಾಗಿ ಕೇಳೋ ಜಾಗ ಅದು. ಒಂದೇ ಸಮನೆ ಕುಯ್ಯೋ ಅನ್ನೋ ಸದ್ದು ಬೇಡ, ಯಾವ ಕಡೆಯಿಂದ ಬರ್ತಿದೆ ಗೊತ್ತಾಗಲ್ಲ. ಕಿವಿಯಿಂದ ತೆಗೆದ್ರೆ ಹಾಡು ನಿಲ್ಲೋ ಸೆಟ್ಟಿಂಗ್ ಇದ್ರೆ ಅದನ್ನೂ ತೆಗೀರಿ, ಎಷ್ಟೋ ಜನ ಅಲ್ಲೇ ಎಡವೋದು. ಸಿಕ್ಕಿದ ತಕ್ಷಣ ಕಿವಿಗೆ ಇಟ್ಕೋಬೇಡಿ, ಮೊದಲು ವಾಲ್ಯೂಮ್ ಇಳಿಸಿ.

ಕೇಳಿಸದಿದ್ರೆ ಫೋನೇ ಅಳತೆಗೋಲು. ಫೋನ್ ಹಿಡ್ಕೊಂಡು ನಿಧಾನಕ್ಕೆ ನಡೀರಿ. ಎಲ್ಲಿ ಪ್ಲೇ ಆಗ್ತಿರೋದು ತಾನಾಗೇ ನಿಲ್ಲುತ್ತೋ ಅಲ್ಲಿ ಸಂಪರ್ಕ ಕಡೀತು. ಕಡಿದಿದ್ದು ಗೊತ್ತಾಗೋಕೆ ಕೆಲವು ಸೆಕೆಂಡ್ ಬೇಕು, ಅದಕ್ಕೇ ನಿಧಾನ. ವಾಪಸ್ ಬಂದು ಕನೆಕ್ಟ್ ಮಾಡಿ, ಇನ್ನೊಂದು ದಿಕ್ಕಿಗೆ ಹೋಗಿ. ಮೂರು ಕಡೆ ಕಡಿದ ಜಾಗ ಗುರುತು ಮಾಡಿದ್ರೆ ಬಡ್ ಎಲ್ಲಿರಬಹುದು ಅಂತ ಅಂದಾಜು ಸಿಗುತ್ತೆ. ಬ್ಲೂಟೂತ್ ರೇಂಜ್ ಹತ್ತು ಮೀಟರ್ ಅನ್ನೋದು ಬಯಲಿನ ಲೆಕ್ಕ. ಕಾಂಕ್ರೀಟ್ ಗೋಡೆ ಎರಡು ಬಂದ್ರೆ ಅರ್ಧವೂ ಸಿಗೋದು ಕಷ್ಟ, ನಿಮ್ಮ ಮೈ ಅಡ್ಡ ಬಂದ್ರೂ ಕಮ್ಮಿ ಆಗುತ್ತೆ.

ಡಬ್ಬಿ ಪ್ರಿಯ
ವಾಷಿಂಗ್ ಮೆಷಿನ್ ನೋಡಿದ್ರಾ?

ಸಿಗ್ನಲ್ ಸೀನ
ಡ್ರಮ್ಮು ಸ್ಟೀಲು, ಮುಚ್ಚಳ ಹಾಕಿದ್ರೆ ಸಿಗ್ನಲ್ಲೇ ಬರಲ್ಲ.

ರೇಂಜ್ ರಾಯರು
ಬರಲ್ಲ ಅಂತಿಲ್ಲ, ತುಂಬಾ ಕಮ್ಮಿ ಬರುತ್ತೆ. ಮುಂದಿನ ಬಾಗಿಲು ಗಾಜಿನದಲ್ವಾ.

ವಿಜಯನಗರ_ಚೈತ್ರ (ರಾತ್ರಿ 10.30)
ಮುಂಬಾಗಿಲು, ರೂಮು, ಅಡುಗೆಮನೆ, ಮೂರೂ ಕಡೆ ಕಡೀತು. ಹಿಂದಿನ ಬಾಲ್ಕನಿಯಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲುತ್ತೆ. ಮೆಷಿನ್ ಅಲ್ಲಿಲ್ಲ, ಬಟ್ಟೆ ಒಣಹಾಕೋ ದಾರ ಮಾತ್ರ. ಬಂದ ತಕ್ಷಣ ದುಪಟ್ಟಾ ಅಲ್ಲೇ ಜಾಡಿಸಿದ್ದೆ. ನೆಲದಲ್ಲಿ ಏನೂ ಇಲ್ಲ, ಕೆಳಗಿನ ಮನೆಯವರ ಶೀಟ್ ಮೇಲೆ ಬಿದ್ದಿರಬಹುದಾ? ಕತ್ತಲು, ಅವರು ಮಲಗಿದಾರೆ. ಬ್ಯಾಟರಿ 10.

ರೇಂಜ್ ರಾಯರು
ಬೀಪ್ ನಿಲ್ಲಿಸಿ, ಚಾರ್ಜ್ ಉಳೀಲಿ. ಬೆಳಿಗ್ಗೆ ಶೀಟ್ ಮೇಲೆ ಕಣ್ಣಲ್ಲೇ ಹುಡುಕಿ.

ಬಿಲ್ಲು ಇಟ್ಕೊಂಡವನು
ನಿಲ್ಲಿಸಿದ್ರೆ ಕೆಲವು ಬಡ್ಸ್ ಐದು ನಿಮಿಷಕ್ಕೇ ಮಲಗಿಬಿಡ್ತವೆ, ಆಮೇಲೆ ಎಬ್ಬಿಸೋಕೆ ಆಗಲ್ಲ. ಈಗಲೇ ಬೆಲ್ ಒತ್ತಿ.

ಎಸ್‌ಪಿ ರೋಡ್ ಭಕ್ತ
ರಾತ್ರಿ ಹನ್ನೊಂದಕ್ಕೆ ಬೆಲ್ ಒತ್ತಿ ಬಡ್ ಕೇಳಿದ್ರೆ ಓನರ್ ಮನೆ ಖಾಲಿ ಮಾಡಿಸ್ತಾರೆ. ಟಾರ್ಚ್ ಹಾಕಿ ಬಾಲ್ಕನಿಯಿಂದ ಬಗ್ಗಿ ನೋಡಿ ಮೊದಲು.

ವಿಜಯನಗರ_ಚೈತ್ರ
ಟಾರ್ಚಲ್ಲಿ ಎಲೆ, ಕ್ಲಿಪ್ಪು, ಪಾರಿವಾಳದ ಗೂಡು ಕಾಣ್ತಿದೆ. ಬೀಪ್ ಬಿಟ್ಟಿದೀನಿ, ಸದ್ಯಕ್ಕೆ ನಿಲ್ಲಿಸಲ್ಲ. ಕ್ಲಿಪ್ಪಿನ ಪಕ್ಕ ಏನೋ ಬೆಳ್ಳಗಿದೆ, ಅದು ಬಡ್ಡೋ ಪಾರಿವಾಳದ ಮೊಟ್ಟೆಯೋ ಗೊತ್ತಾಗ್ತಿಲ್ಲ.