ಗೇಟಿನ ಕಂಬದ ದೀಪ: ಮಳೆಗಾಲಕ್ಕೆ ಮೊದಲು ಏನೇನು ನೋಡಿಕೊಳ್ಳಬೇಕು?

ಪ್ರಶ್ನೆ, ಬ್ರಹ್ಮಾವರದಿಂದ:
"ಮನೆ ಕಟ್ಟಿಸುತ್ತಿದ್ದೇವೆ. ಮುರಕಲ್ಲಿನ ಕಾಂಪೌಂಡು, ಐದೂವರೆ ಅಡಿ ಎತ್ತರದ ಎರಡು ಗೇಟ್ ಕಂಬಗಳು. ಕಂಬದ ಮೇಲೆ ಸಂಜೆ ತಾನಾಗಿ ಹತ್ತಿ ಬೆಳಿಗ್ಗೆ ಆರುವ ದೀಪ ಹಾಕಿಸುವುದೋ, ಯಾರಾದರೂ ಬಂದಾಗ ಮಾತ್ರ ಹತ್ತುವ ಮೋಷನ್ ಸೆನ್ಸರ್ ದೀಪವೋ? ನೀರು, ಧೂಳು ತಡೆಯುವ ಮಟ್ಟ ತಿಳಿಸುವ ಐಪಿ ಸಂಖ್ಯೆ ಎಷ್ಟಿರಬೇಕು? ವಯರಿಂಗ್ ಇನ್ನೂ ಆಗಿಲ್ಲ. ಅನುಭವವಿದ್ದವರು ತಿಳಿಸಿ."

ಕುಂದಾಪುರದ ಎಲೆಕ್ಟ್ರಿಕಲ್ ಗುತ್ತಿಗೆದಾರರು:
ವಯರಿಂಗ್ ಆಗದಿರುವುದು ನಿಮ್ಮ ಪಾಲಿಗೆ ಒಳ್ಳೆಯದೇ ಆಯಿತು. ಕಂಬದ ಮೇಲಿನ ದೀಪವನ್ನು ಸಂಜೆಯಿಂದ ಬೆಳಗಿನವರೆಗೆ ಉರಿಯುವಂತೆ ಇಡಿ, ಮೋಷನ್ ಸೆನ್ಸರನ್ನು ಕಂಬಕ್ಕೆ ಹಾಕಬೇಡಿ ಎಂಬುದು ನನ್ನ ಸಲಹೆ. ಏಳು ವ್ಯಾಟಿನ ಎರಡು ಎಲ್‌ಇಡಿ ದೀಪಗಳು ರಾತ್ರಿಗೆ ಹನ್ನೆರಡು ಗಂಟೆ ಉರಿದರೂ ತಿಂಗಳಿಗೆ ಖರ್ಚಾಗುವುದು ಸುಮಾರು ಐದು ಯೂನಿಟ್ ಮಾತ್ರ. ಅದನ್ನು ಉಳಿಸಲೆಂದು ಕಂಬದ ಮೇಲೆ ಸೆನ್ಸರ್ ಕೂರಿಸಿದರೆ, ಐದೂವರೆ ಅಡಿ ಎತ್ತರದಿಂದ ಅದು ನೇರವಾಗಿ ರಸ್ತೆಯನ್ನೇ ನೋಡುತ್ತದೆ. ಬೈಕು, ನಾಯಿ, ದನ ಹೀಗೆ ಹೋಗುವ ಬರುವ ಎಲ್ಲದಕ್ಕೂ ದೀಪ ಹತ್ತುತ್ತದೆ.

ಮೋಷನ್ ಸೆನ್ಸರ್ ಬೇಕೇ ಬೇಕೆಂದಿದ್ದರೆ ಅದನ್ನು ಸಿಟೌಟಿನ ಗೋಡೆಯ ಮೇಲೆ ಏಳೆಂಟು ಅಡಿ ಎತ್ತರದಲ್ಲಿ, ಗೇಟಿನಿಂದ ಮನೆಗೆ ಬರುವ ದಾರಿಯನ್ನು ಅಡ್ಡಲಾಗಿ ನೋಡುವಂತೆ ಇಡಿಸಿ. ಇಂಥ ಸೆನ್ಸರ್ ಮೈಯ ಬಿಸಿ ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ಸರಿಯುವುದನ್ನು ಗುರುತಿಸುತ್ತದೆ. ಆದ್ದರಿಂದ ನೇರವಾಗಿ ಅದರತ್ತ ನಡೆದು ಬರುವವರನ್ನು ತಡವಾಗಿ, ಅಡ್ಡ ಹಾಯುವವರನ್ನು ಬೇಗ ಕಾಣುತ್ತದೆ. ನಮ್ಮ ಕಡೆ ಮೇ ತಿಂಗಳ ಸೆಖೆಯಲ್ಲಿ ಸುತ್ತಲಿನ ಬಿಸಿ ಮೈಯ ಬಿಸಿಗೆ ಹತ್ತಿರವಾದಾಗ ಅದರ ದೃಷ್ಟಿ ಮಂದವಾಗುತ್ತದೆ, ಜನವರಿಯಲ್ಲಿ ದೂರದಿಂದಲೇ ಕಂಡದ್ದನ್ನು ಆಗ ಹತ್ತಿರ ಬಂದ ಮೇಲೆ ಕಾಣುತ್ತದೆ. ಅದನ್ನು ಕೆಟ್ಟುಹೋಯಿತೆಂದು ಬದಲಿಸಿದವರನ್ನು ನಾನು ನೋಡಿದ್ದೇನೆ.

ಬೆಂಗಳೂರಿನಿಂದ ಒಬ್ಬರು:
ಐಪಿ 65ರ ಬದಲು ನೇರವಾಗಿ ಐಪಿ 67 ತೆಗೆದುಕೊಳ್ಳಿ, ನೀರಿನಲ್ಲಿ ಮುಳುಗಿದರೂ ಏನೂ ಆಗುವುದಿಲ್ಲ. ದೀಪವನ್ನು ಕೂರಿಸಿದ ಮೇಲೆ ತಳದ ಸುತ್ತಲೂ ಸಿಲಿಕಾನ್ ಬಳಿಸಿಬಿಟ್ಟರೆ ಹನಿ ನೀರೂ ಒಳಗೆ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಮೂರು ವರ್ಷದಿಂದ ಹೀಗೇ ಇದೆ, ಒಂದು ದಿನವೂ ತೊಂದರೆಯಾಗಿಲ್ಲ.

ಕುಂದಾಪುರದ ಗುತ್ತಿಗೆದಾರರು:
ದೀಪಕ್ಕೆ ಒಳ್ಳೆಯ ಐಪಿ ಇರಬೇಕೆಂಬ ನಿಮ್ಮ ಮಾತು ಸರಿ. ಆದರೆ ಅದರಲ್ಲಿ ಎರಡು ತಿದ್ದುಪಡಿಗಳಿವೆ. ಐಪಿ 67 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ ನೋಡಿದ್ದಾರೆ ಎಂದಷ್ಟೇ ಅರ್ಥ. ಕೊಳವೆಯಿಂದ ರಭಸವಾಗಿ ಬರುವ ನೀರಿಗೆ ಒಡ್ಡಿ ನೋಡುವ ಪರೀಕ್ಷೆ ಬೇರೆಯೇ, ಅದು 65ರದ್ದು. ಮುಳುಗುವ ಪರೀಕ್ಷೆಯಲ್ಲಿ ಗೆದ್ದ ದೀಪ ಗಾಳಿಮಳೆಯ ಪರೀಕ್ಷೆಯಲ್ಲೂ ಗೆದ್ದಿದೆ ಎಂದು ತಾನಾಗಿ ಹೇಳಲಾಗದು. ಕಂಬದ ಮೇಲೆ ನೀರು ನಿಲ್ಲುವುದಿಲ್ಲ, ಗಾಳಿಯೊಂದಿಗೆ ಅಡ್ಡ ಬಡಿಯುತ್ತದೆ, ಹಾಗಾಗಿ 65 ಸಾಕು. ಬಿಸಿಲುಮಳೆಗೆ ತೆರೆದ ಕಂಬದ ತುದಿಗೆ 44 ಮಾತ್ರ ಬೇಡ. ಅದು ಚಿಮುಕುವ ನೀರಿಗೆ ಆದದ್ದು, ಸಣ್ಣ ಇರುವೆಗಳೂ ಅದರೊಳಗೆ ನುಗ್ಗಿ ಗೂಡು ಕಟ್ಟುತ್ತವೆ.

ಎರಡನೆಯದು ಸಿಲಿಕಾನ್. ದೀಪ ರಾತ್ರಿಯಿಡೀ ಉರಿದು ಬಿಸಿಯಾಗಿರುವಾಗ ಮಳೆ ಬಿದ್ದು ತಣಿದರೆ ಒಳಗಿನ ಗಾಳಿ ಕುಗ್ಗಿ ಹೊರಗಿನ ತೇವವನ್ನು ಎಳೆದುಕೊಳ್ಳುತ್ತದೆ. ಹೀಗೆ ಎಳೆಯುವ ದಾರಿ ಹೆಚ್ಚಿನ ಸಲ ಕೇಬಲ್ಲೇ, ಏಕೆಂದರೆ ಎಳೆಗಳ ನಡುವಿನ ಸಂದಿಯಲ್ಲಿ ನೀರು ಹರಿದು ಬರುತ್ತದೆ. ಸುತ್ತಲೂ ಸಿಲಿಕಾನ್ ಬಳಿದಿದ್ದರೆ ಒಳಗೆ ಹೋದ ನೀರು ಹೊರಬರಲು ದಾರಿಯೇ ಇರುವುದಿಲ್ಲ. ಗೋಡೆಯ ದೀಪವಾದರೆ ಮೇಲಿನ ಮೂರು ಬದಿಗೆ ಬಳಿದು ಕೆಳಬದಿಯನ್ನು ಬಿಡುವುದು ನಮ್ಮ ರೂಢಿ. ಕೇಬಲ್ ದೀಪಕ್ಕೆ ಕೆಳಗಿನಿಂದ, ಅದನ್ನು ಸುತ್ತಲೂ ಬಿಗಿಯಾಗಿ ಹಿಡಿಯುವ ಗ್ಲ್ಯಾಂಡ್ ಮೂಲಕ ಹೋಗಬೇಕು ಮತ್ತು ಹೋಗುವ ಮುನ್ನ ಒಂದಿಷ್ಟು ಜೋಲು ಬಿದ್ದು ಮೇಲೇರಬೇಕು. ಹರಿದ ನೀರು ಆ ಜೋಲಿನ ತಳದಲ್ಲಿ ತೊಟ್ಟಿಕ್ಕಿಬಿಡುತ್ತದೆ. ಕೆಲಸಗಾರರು ಡ್ರಿಲ್ಲಿನಿಂದ ಹೊಸ ತೂತು ಕೊರೆದು ಕೇಬಲ್ ಹಾಕಿದರೆ ಪೆಟ್ಟಿಗೆಯ ಮೇಲಿನ 65 ಅಲ್ಲಿಗೇ ಮುಗಿಯಿತು.

ಕಡೂರಿನಿಂದ ಒಬ್ಬರು:
ನಾವು ತೋಟದ ಬೇಲಿಗೆ ಸೋಲಾರ್ ದೀಪಗಳನ್ನು ಹಾಕಿಸಿದ್ದೇವೆ, ಮೋಷನ್ ಸೆನ್ಸರ್ ಅದರಲ್ಲೇ ಇದೆ. ವಯರೇ ಬೇಡ, ಗೋಡೆಗೆ ಸ್ಕ್ರೂ ಹಾಕಿದರೆ ಮುಗಿಯಿತು. ಹಾಗಿರುವಾಗ ಇಷ್ಟೆಲ್ಲ ಕೇಬಲ್ ಚರ್ಚೆ ಏಕೆ?

ಪ್ರಶ್ನೆ ಕೇಳಿದವರು:
ನಮ್ಮ ಕಂಬಗಳ ಮೇಲೆ ಎರಡು ದೊಡ್ಡ ಹಲಸಿನ ಮರಗಳ ನೆರಳಿದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೂ ಕಡಿಮೆ. ಆದ್ದರಿಂದ ಕರೆಂಟಿನದೇ ಬೇಕೆಂದು ಯೋಚಿಸಿದ್ದೇವೆ.

ಸುರತ್ಕಲ್‌ನಿಂದ ಒಬ್ಬ ಗೃಹಿಣಿ:
ನಮ್ಮ ಸಮಸ್ಯೆ ಇದಕ್ಕೆ ಸಂಬಂಧಿಸಿದ್ದೋ ಅಲ್ಲವೋ ತಿಳಿಯದು, ಆದರೂ ಕೇಳುತ್ತೇನೆ. ಕಳೆದ ಜುಲೈನಲ್ಲಿ ಜೋರು ಮಳೆ ಬಂದ ಮರುದಿನ ಬೆಳಿಗ್ಗೆ ಗೀಸರ್ ಹಾಕಿದ ಕೂಡಲೇ ಕರೆಂಟು ಸೋರಿದರೆ ಇಡೀ ಮನೆಯ ಲೈನು ಕಡಿಯುವ ಆರ್‌ಸಿಸಿಬಿ ಬೀಳುತ್ತಿತ್ತು. ಬಂದ ಎಲೆಕ್ಟ್ರಿಷಿಯನ್ ಗೀಸರಿನ ಕಾಯಿಲ್ ಹೋಗಿದೆ ಎಂದು ಬದಲಿಸಿದರು. ಮಳೆ ಬಿಟ್ಟ ಮೂರು ದಿನ ಸರಿಯಿತ್ತು, ಮತ್ತೆ ಮಳೆ ಬಂದಾಗ ಮತ್ತೆ ಅದೇ ಕಥೆ. ಬೆಳಿಗ್ಗೆಯ ಹೊತ್ತು ಗೇಟಿನ ದೀಪ ಆರಿಯೇ ಇರುತ್ತದೆ, ಅದರಿಂದ ಹೀಗಾಗಲು ಸಾಧ್ಯವೇ?

ಕುಂದಾಪುರದ ಗುತ್ತಿಗೆದಾರರು:
ಖಂಡಿತ ಸಾಧ್ಯ, ಅಕ್ಕ. ನಿಮ್ಮ ವಿವರಣೆ ಓದಿದಾಗ ನನ್ನ ಅನುಮಾನ ಮೊದಲು ಹೋದದ್ದೇ ಗೇಟಿನ ಕಂಬದ ಮೇಲೆ. ಸೆನ್ಸರಾಗಲಿ, ಸಾಮಾನ್ಯ ಸ್ವಿಚ್ಚಾಗಲಿ, ಒಂದೇ ಪೋಲಿನ ಎಂಸಿಬಿಯಾಗಲಿ ಕಡಿಯುವುದು ಫೇಸನ್ನು ಮಾತ್ರ. ದೀಪ ಆರಿದ್ದರೂ ನ್ಯೂಟ್ರಲ್ ವಯರು ಕಂಬದವರೆಗೂ ಹಾಗೇ ಜೋಡಿಕೊಂಡಿರುತ್ತದೆ. ಅಲ್ಲಿ ಟೇಪು ಸುತ್ತಿದ ಜಾಯಿಂಟಿಗೆ ನೀರು ಸೇರಿ ನ್ಯೂಟ್ರಲ್‌ಗೂ ಅರ್ಥಿಂಗಿಗೂ ಸಂಪರ್ಕವಾದರೆ, ಮನೆಯ ನ್ಯೂಟ್ರಲ್ ಮೂಲಕ ಮರಳಬೇಕಾದ ಕರೆಂಟಿನ ಒಂದು ಪಾಲು ನೆಲದ ದಾರಿ ಹಿಡಿಯುತ್ತದೆ. ಫ್ಯಾನು, ಲೈಟು ಮಾತ್ರ ಇರುವಾಗ ಆ ಪಾಲು ತೀರ ಸಣ್ಣದಾಗಿರುವುದರಿಂದ ಆರ್‌ಸಿಸಿಬಿ ಸುಮ್ಮನಿರುತ್ತದೆ. ಗೀಸರ್ ಹಾಕಿದಾಗ ಕರೆಂಟು ಒಮ್ಮೆಲೇ ಹೆಚ್ಚುತ್ತದೆ, ಸೋರುವ ಪಾಲೂ ಅದರೊಂದಿಗೆ ಹೆಚ್ಚುತ್ತದೆ. ಅದು 30 ಮಿಲಿಆಂಪಿಯರ್ ಮುಟ್ಟುವ ಮೊದಲೇ ಆರ್‌ಸಿಸಿಬಿ ಬೀಳಬಹುದು. ತಪ್ಪು ಕಂಬದ್ದು, ಬೈಗುಳ ಗೀಸರಿಗೆ.

ಪರೀಕ್ಷೆಯ ವಿಧಾನ ಹೀಗಿದೆ. ಮಳೆ ಬಂದ ಮರುದಿನ ಮೇನ್ ಆಫ್ ಮಾಡಿಸಿ, ಎಂಸಿಬಿಗಳಿರುವ ಪೆಟ್ಟಿಗೆ, ಅಂದರೆ ಡಿಬಿಯಲ್ಲಿ ಗೇಟಿನ ಕಡೆಗೆ ಹೋಗುವ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಬಿಚ್ಚಿ, ಎಲೆಕ್ಟ್ರಿಷಿಯನ್ ಬೇರೆಯಾಗಿಡಲಿ. ಅನಂತರ ಮೇನ್ ಹಾಕಿ ಗೀಸರ್ ಹಾಕಿದಾಗ ಆರ್‌ಸಿಸಿಬಿ ಬೀಳದೆ ನಿಂತರೆ ದೋಷ ಗೇಟಿನ ಲೈನಿನಲ್ಲಿದೆ. ಫೇಸನ್ನು ಮಾತ್ರ ಬಿಚ್ಚಿದರೆ ಏನೂ ತಿಳಿಯುವುದಿಲ್ಲ. ಬಿಚ್ಚಿದ ಆ ಲೈನಿನಿಂದ ದೀಪ, ಸೆನ್ಸರ್‌ಗಳನ್ನೂ ತೆಗೆದು ಇನ್ಸುಲೇಷನ್ ಅಳೆಯುವ 500 ವೋಲ್ಟಿನ ಮೆಗ್ಗರ್ ಹಾಕಿದರೆ ಯಾವ ಕಂಬ ಎಂಬುದೂ ಗೊತ್ತಾಗುತ್ತದೆ. ಸೆನ್ಸರ್ ಜೋಡಿರುವಾಗಲೇ ಮೆಗ್ಗರ್ ಹಾಕಿದರೆ ಅದರೊಳಗಿನ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗುವ ಸಂಭವವಿದೆ. ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸುವ ಕಡೆಗೇ ನೀರು ಸೇರಿದೆ ಎಂದು ತಿಳಿಯಿರಿ.

ಬ್ರಹ್ಮಾವರದವರೇ, ಇದು ನಿಮಗೂ ಪಾಠವಾಗಬೇಕಾದ ವಿಷಯ. ಹೊರಗಿನ ದೀಪಗಳಿಗೆಂದೇ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಆರು ಆಂಪಿಯರಿನ ಎರಡು ಪೋಲಿನ ಎಂಸಿಬಿಯನ್ನೂ ಪ್ರತ್ಯೇಕವಾದ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ ಹಾಕಿಸಿ, ಆಗ ಕಂಬ ತೇವವಾದರೂ ಮನೆಯೊಳಗೆ ಕತ್ತಲಾಗುವುದಿಲ್ಲ. ಆದರೆ ಮನೆಯದು, ಹೊರಗಿನ ದೀಪಗಳದು, ಈ ಎರಡು ಸರ್ಕ್ಯೂಟ್‌ಗಳ ನ್ಯೂಟ್ರಲ್‌ಗಳು ಆರ್‌ಸಿಸಿಬಿ ದಾಟಿದ ಮೇಲೆ ಎಲ್ಲೂ ಕೂಡಬಾರದು. ಕೂಡಿದರೆ ಎರಡೂ ಬೀಳುತ್ತವೆ.

ಬೆಂಗಳೂರಿನವರು:
ಎರಡು ದೀಪಕ್ಕೆಂದು ಪ್ರತ್ಯೇಕ ಆರ್‌ಸಿಸಿಬಿ ಹಾಕಿಸುವುದು ಅತಿಯಾಯಿತು ಎನಿಸುತ್ತದೆ. ಜಾಯಿಂಟು ಸರಿಯಾಗಿ ಮಾಡಿಸಿದರೆ ಅದರ ಅಗತ್ಯವೇ ಬರುವುದಿಲ್ಲ.

ಕುಂದಾಪುರದ ಗುತ್ತಿಗೆದಾರರು:
ಬೆಂಗಳೂರಿನ ಮಳೆಗೆ ಅದು ನಿಮ್ಮ ಲೆಕ್ಕದಲ್ಲಿ ಸರಿಯಿರಬಹುದು, ಇಲ್ಲಿಯ ನಾಲ್ಕು ತಿಂಗಳ ಮಳೆಗೆ ನಾನು ಒಪ್ಪಲಾರೆ. ಕಡಲಿನ ಉಪ್ಪುಗಾಳಿಗೆ ಎರಡೇ ವರ್ಷದಲ್ಲಿ ದೀಪದ ಸ್ಕ್ರೂಗಳು ತುಕ್ಕು ಹಿಡಿದು, ಮುಚ್ಚಳ ಸಡಿಲವಾಗಿ, ರಬ್ಬರು ಸೀಲ್ ಹಿಡಿತ ಕಳೆದುಕೊಂಡಿರುವುದನ್ನು ನೋಡಿದ್ದೇನೆ. ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿ, ಪೈಪಿನೊಳಗೆ ಜಾಯಿಂಟ್ ಇಡಬೇಡಿ.

ಕೇಬಲ್ ಎಷ್ಟು ಕೋರಿನದು ಎಂಬುದನ್ನೂ ಈಗಲೇ ತೀರ್ಮಾನಿಸಿ, ಏಕೆಂದರೆ ಗೇಟಿನ ರ್‍ಯಾಂಪಿಗೆ ಕಾಂಕ್ರೀಟು ಬಿದ್ದ ಮೇಲೆ ಬದಲಿಸಲಾಗದು. ಸಂಜೆ ದೀಪ ಹತ್ತಿಸುವ ಸೆನ್ಸರ್ ಒಂದೇ ಕಂಬದಲ್ಲಿದ್ದು ಎರಡೂ ದೀಪಗಳನ್ನು ನಡೆಸಬೇಕಾದರೆ ಆಚೆ ಕಂಬಕ್ಕೆ ಫೇಸ್, ನ್ಯೂಟ್ರಲ್, ಅರ್ಥಿಂಗ್ ಅಲ್ಲದೆ ಸೆನ್ಸರಿನಿಂದ ಬರುವ ಫೇಸೂ ಬೇಕಾಗಬಹುದು. ಆದ್ದರಿಂದ ಒಂದೂವರೆ ಚದರ ಮಿಲಿಮೀಟರಿನ ನಾಲ್ಕು ಕೋರಿನ ಕೇಬಲನ್ನು ಎಚ್‌ಡಿಪಿಇ ಪೈಪಿನಲ್ಲಿ ಹಾಕಿ. ದೀಪದ ಲೋಹದ ಮೈಗೆ ಅರ್ಥಿಂಗನ್ನು ಬಿಡದೆ ಜೋಡಿಸಿ.

ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ. ಸಂಜೆ ಹತ್ತುವ ಮೂರು ವಯರಿನ ಸೆನ್ಸರ್‌ಗಳಲ್ಲಿ ಹೆಚ್ಚಿನವಕ್ಕೆ ಕಪ್ಪು ಫೇಸು, ಬಿಳಿ ನ್ಯೂಟ್ರಲ್, ಕೆಂಪು ದೀಪಕ್ಕೆ ಹೋಗುವುದು. ನಮ್ಮ ಮನೆಗಳಲ್ಲಿ ಕೆಂಪು ಎಂದರೆ ಫೇಸು, ಕಪ್ಪು ಎಂದರೆ ನ್ಯೂಟ್ರಲ್. ಪೆಟ್ಟಿಗೆಯ ಚಿತ್ರ ನೋಡದೆ ಬಣ್ಣಕ್ಕೆ ಬಣ್ಣ ಜೋಡಿಸಿದವರು ಸೆನ್ಸರನ್ನು ಮೊದಲ ದಿನವೇ ಸುಟ್ಟುಕೊಂಡಿದ್ದಾರೆ.

ಸುರತ್ಕಲ್‌ನವರು, ಹತ್ತು ದಿನಗಳ ನಂತರ:
ನೀವು ಹೇಳಿದಂತೆ ಫೇಸ್, ನ್ಯೂಟ್ರಲ್ ಎರಡನ್ನೂ ಬಿಚ್ಚಿಸಿದೆವು. ಮಳೆಯ ಮರುದಿನವೂ ಗೀಸರ್ ಏನೂ ಮಾಡದೆ ನಡೆಯಿತು. ಎಡಗಡೆಯ ಕಂಬದ ಕಲ್ಲಿನ ಟೋಪಿ ತೆಗೆಸಿದಾಗ ಅದರ ಕೆಳಗೆ ಟೇಪು ಸುತ್ತಿದ ಜಾಯಿಂಟ್ ಇತ್ತು, ಟೇಪು ಸಡಿಲಾಗಿ ತಾಮ್ರ ಹಸಿರಾಗಿತ್ತು. ಅದನ್ನು ಜೆಲ್ ತುಂಬಿದ ಪೆಟ್ಟಿಗೆಯೊಳಗೆ ಹೊಸದಾಗಿ ಮಾಡಿಸಿದೆವು. ಈಗ ಇನ್ನೊಂದು ತೊಂದರೆ: ಬಲಗಡೆಯ ದೀಪ ಸಂಜೆ ಹತ್ತಿದ ಕೆಲವು ಸೆಕೆಂಡುಗಳಲ್ಲಿ ಆರುತ್ತದೆ, ಮತ್ತೆ ಹತ್ತುತ್ತದೆ. ಕಾಂಪೌಂಡಿಗೆ ಮೊನ್ನೆಯಷ್ಟೇ ಬಿಳಿ ಬಣ್ಣ ಬಳಿಸಿದ್ದೇವೆ.

ಕುಂದಾಪುರದ ಗುತ್ತಿಗೆದಾರರು:
ಬಿಳಿ ಗೋಡೆಯಿಂದ ಮರಳಿದ ಬೆಳಕನ್ನು ಕಂಡು ಸೆನ್ಸರ್ ಬೆಳಗಾಯಿತೆಂದು ತಿಳಿಯುತ್ತಿರಬಹುದು. ಅದರ ಕಣ್ಣನ್ನು ಗೋಡೆಗೂ ದೀಪಕ್ಕೂ ಬೆನ್ನಾಗುವಂತೆ, ಬೀದಿದೀಪಕ್ಕೂ ಎದುರಾಗದಂತೆ ತಿರುಗಿಸಿ ನೋಡಿ. ಸಂಜೆಯವರೆಗೆ ಕಾಯುವ ಅಗತ್ಯವಿಲ್ಲ, ಹಗಲಿನಲ್ಲೇ ದಪ್ಪ ಕಪ್ಪು ಬಟ್ಟೆ ಮುಚ್ಚಿ ಒಂದೆರಡು ನಿಮಿಷ ಕಾದರೆ ದೀಪ ಹತ್ತಬೇಕು. ಹಾಗೆ ಹತ್ತಿ ನಿಲ್ಲುವುದಾದರೆ ಸೆನ್ಸರ್ ಸರಿಯಿದೆ, ದಿಕ್ಕು ಮಾತ್ರ ತಪ್ಪಿದೆ. ಬಟ್ಟೆ ಮುಚ್ಚಿದರೂ ಹತ್ತಿ ಆರುತ್ತಿದ್ದರೆ ಒಳಗಿನ ರಿಲೇಯನ್ನೋ ಬಲ್ಬಿನ ಡ್ರೈವರನ್ನೋ ಅನುಮಾನಿಸಬೇಕಾಗುತ್ತದೆ. ಬೇರೆ ಬಲ್ಬು ಹಾಕಿ ನೋಡಿದ ಮೇಲೆ ತಿಳಿಸಿ.