ಮುಕ್ಕಾಲು ಇಂಚಿನ ಚೈನ್ ಪದೇ ಪದೇ ಉದ್ದ ಆಗುತ್ತಿದೆ, 12 ಹಲ್ಲಿನ ಸ್ಪ್ರಾಕೆಟ್ ಬದಲಿಸಬೇಕಾ?

ಗಂಗಾವತಿಯ ರೈಸ್ ಮಿಲ್ ಫಿಟ್ಟರ್:
ಭತ್ತದ ಕನ್ವೇಯರ್‌ಗೆ 2 ಎಚ್‌ಪಿ ಗೇರ್ ಮೋಟಾರ್ ಇದೆ, 90 ಆರ್‌ಪಿಎಂ. ಮೋಟಾರಿಗೆ 12 ಹಲ್ಲು, ಕನ್ವೇಯರ್ ಶಾಫ್ಟಿಗೆ 36 ಹಲ್ಲು. 12ಬಿ ಚೈನ್, 96 ಲಿಂಕ್. ಒಂದು ಸೀಸನ್ ಮುಗಿಯುವಷ್ಟರಲ್ಲಿ ಚೈನ್ ಜೋತು ಬಿದ್ದು ಹಲ್ಲು ಹಾರುತ್ತದೆ. ಕಳೆದ ಸಲ ಚೈನ್ ಮಾತ್ರ ಹೊಸದು ಹಾಕಿದೆ. ಕಬ್ಬಿಣ ಹೀಗೆ ಹಿಗ್ಗುತ್ತದಾ? ಹಲ್ಲು ಜಾಸ್ತಿ ಮಾಡಿದರೆ ಸರಿ ಹೋಗುತ್ತದಾ?

ವರ್ಕ್‌ಶಾಪ್ ಮಾಲೀಕರು, ಹುಬ್ಬಳ್ಳಿ:
ಎರಡು ಲಿಂಕ್ ತೆಗೆದು ಜೋಡಿಸಿ, ಚೈನ್ ಬಿಗಿ ಆಗುತ್ತದೆ. ನಾವು ಯಾವಾಗಲೂ ಹಾಗೇ ಮಾಡೋದು. ಅದರ ಜೊತೆಗೆ 17 ಹಲ್ಲು ಹಾಕಿ. ಹಲ್ಲು ಜಾಸ್ತಿ ಇದ್ದರೆ ಚೈನ್ ಕಡಿಮೆ ಬಾಗುತ್ತದೆ, ಅದಕ್ಕೇ ಕಡಿಮೆ ಸವೆಯುತ್ತದೆ.

ಬೈಕ್ ಸವಾರರೊಬ್ಬರು:
ನನ್ನದೂ ಇದೇ ಪ್ರಶ್ನೆ. ಬೈಕಿನ ಮುಂದಿನ ಸ್ಪ್ರಾಕೆಟ್ 14 ಇದೆ, 15 ಹಾಕಿದರೆ ಮೈಲೇಜ್ ಬರುತ್ತದಾ?

ಮೆಕ್ಯಾನಿಕಲ್ ಎಂಜಿನಿಯರ್, ಡ್ರೈವ್ ವಿನ್ಯಾಸದ ಕೆಲಸ:
ಬೈಕಿನವರೇ, ನಿಮ್ಮದು ಗೇರ್ ಅನುಪಾತದ ವಿಷಯ, ಇಲ್ಲಿ ಕೇಳಿರೋದು ಸವೆತದ ವಿಷಯ. ಬೇರೆ ಪೋಸ್ಟ್ ಹಾಕಿ, ಉತ್ತರಿಸುತ್ತೇನೆ.

ಫಿಟ್ಟರ್ ಅಣ್ಣ, ಮೊದಲು ಒಂದು ಅಳತೆ ಬೇಕು. ಚೈನ್ ಬಿಗಿಯಾಗಿ ಎಳೆದಿಟ್ಟು 24 ಲಿಂಕ್ ಉದ್ದ ಅಳೆಯಿರಿ, ಪಿನ್ನಿನ ಮಧ್ಯದಿಂದ ಪಿನ್ನಿನ ಮಧ್ಯಕ್ಕೆ. ಹೊಸ ಚೈನಿನಲ್ಲಿ 457.2 ಮಿ.ಮೀ. ಬರಬೇಕು.

ಫಿಟ್ಟರ್:
ಅಳೆದೆ ಸರ್. 469 ಬಂತು.

ಎಂಜಿನಿಯರ್:
ಅಂದರೆ ಸುಮಾರು 2.6 ಶೇಕಡಾ. ಸಾಮಾನ್ಯವಾಗಿ 2 ಶೇಕಡಾ ದಾಟಿದರೆ ಚೈನ್ ತೆಗೆಯಬೇಕು. ನಿಮ್ಮದು ಆಗಲೇ ದಾಟಿದೆ.

ಕಬ್ಬಿಣ ಹಿಗ್ಗಿಲ್ಲ. ಸೈಡ್ ಪ್ಲೇಟ್‌ಗಳನ್ನು ಬಿಚ್ಚಿ ಅಳೆದರೆ ಮೊದಲು ಎಷ್ಟಿತ್ತೋ ಅಷ್ಟೇ ಇರುತ್ತದೆ. ಸವೆದಿರೋದು ಪಿನ್ನು ಮತ್ತು ಅದರ ಸುತ್ತ ಇರುವ ಬುಷ್‌ನ ಒಳಮೈ. ಲಿಂಕ್ ಬಾಗಿದಾಗಲೆಲ್ಲ ಇವೆರಡೂ ಉಜ್ಜುತ್ತವೆ. ಲೆಕ್ಕ ಹಾಕಿದರೆ ನಿಮ್ಮ ಚೈನಿನ ಒಂದೊಂದು ಕೀಲು ಸವೆದಿರೋದು ಅರ್ಧ ಮಿ.ಮೀ.ಯಷ್ಟು, ಪಿನ್ನು ಬುಷ್ ಎರಡೂ ಸೇರಿ. ಕಣ್ಣಿಗೆ ಕಾಣುವುದಿಲ್ಲ. ಆದರೆ 96 ಕೀಲು ಸೇರಿದರೆ 47 ಮಿ.ಮೀ., ಅಂದರೆ ಎರಡೂವರೆ ಲಿಂಕ್ ಉದ್ದ.

ಇನ್ನೊಂದು ಸೂಕ್ಷ್ಮ ಇದೆ. ಒಳ ಲಿಂಕಿನಲ್ಲಿ ಎರಡೂ ಬುಷ್ ಪ್ಲೇಟಿಗೆ ಒತ್ತಿ ಕೂರಿಸಿರುತ್ತಾರೆ, ಅಲ್ಲಿನ ಅಂತರ ಬದಲಾಗುವುದಿಲ್ಲ. ಉದ್ದ ಆಗೋದು ಹೊರ ಲಿಂಕಿನ ಕಡೆ ಮಾತ್ರ. ಹಾಗಾಗಿ ಸವೆದ ಚೈನಿನಲ್ಲಿ ಒಂದು ಅಂತರ ಸರಿ, ಮುಂದಿನದು ಉದ್ದ, ಮತ್ತೆ ಸರಿ, ಮತ್ತೆ ಉದ್ದ. ಅದಕ್ಕೇ ಸಮ ಸಂಖ್ಯೆಯ ಲಿಂಕ್ ಅಳೆಯಲು ಹೇಳಿದ್ದು.

ಈಗ ಎರಡು ಲಿಂಕ್ ತೆಗೆಯುವ ಮಾತು. ತೆಗೆದರೆ ಜೋತು ಬೀಳೋದು ನಿಲ್ಲುತ್ತದೆ, ನಿಜ. ಆದರೆ ಉಳಿದ 94 ಕೀಲಿನ ಸವೆತ ಹಾಗೇ ಇರುತ್ತದೆ. ಉದ್ದವಾದ ಚೈನ್ ಹಲ್ಲಿನ ಬುಡದಲ್ಲಿ ಕೂರಲಾರದೆ ಮೇಲೆ ಮೇಲೆ ಏರುತ್ತದೆ. ದೊಡ್ಡ ಸ್ಪ್ರಾಕೆಟ್‌ನಲ್ಲಿ ಇದು ಬೇಗ ಗೊತ್ತಾಗುತ್ತದೆ. ಹಿಂಬದಿಯ ಚೈನನ್ನು ಕೈಯಲ್ಲಿ ಎಳೆದು ನೋಡಿ, ಹಲ್ಲಿನ ಬುಡ ಕಂಡರೆ ಚೈನ್ ಮುಗಿದಿದೆ ಅಂತಲೇ.

ವರ್ಕ್‌ಶಾಪ್ ಮಾಲೀಕರು:
ಲಿಂಕ್ ವಿಷಯ ಒಪ್ಪಿದೆ. ಆದರೆ 17 ಹಲ್ಲು ಅಂದಿದ್ದು ತಪ್ಪಾ?

ಎಂಜಿನಿಯರ್:
ಸಲಹೆ ಸರಿ, ಕಾರಣ ಪೂರ್ತಿ ಸರಿಯಿಲ್ಲ. 12 ಹಲ್ಲಿನ ಮೇಲೆ ಬರುವಾಗ ಒಂದು ಲಿಂಕ್ 30 ಡಿಗ್ರಿ ಬಾಗುತ್ತದೆ, 17ರಲ್ಲಿ 21 ಡಿಗ್ರಿ. ಆದರೆ ಮೋಟಾರ್ ಒಂದು ಸುತ್ತು ಸುತ್ತಿದಾಗ ಅಲ್ಲಿ 12 ಲಿಂಕ್ ಹೋಗುತ್ತವೆ, ಇಲ್ಲಿ 17 ಲಿಂಕ್. ಗುಣಿಸಿ ನೋಡಿ, ಎರಡರಲ್ಲೂ 360 ಡಿಗ್ರಿ. ಮೋಟಾರ್ ವೇಗ ಅಷ್ಟೇ ಇದ್ದರೆ ಒಟ್ಟು ಉಜ್ಜಾಟ ಕಡಿಮೆ ಆಗುವುದಿಲ್ಲ. ಚೈನಿನಲ್ಲಿ ಲಿಂಕ್ ಜಾಸ್ತಿ ಆದಷ್ಟು ಅದು ಹೆಚ್ಚು ಕೀಲುಗಳಿಗೆ ಹಂಚಿಹೋಗುತ್ತದೆ, ಅಷ್ಟೇ.

ದೊಡ್ಡ ಲಾಭ ಇರೋದು ಎಳೆತದಲ್ಲಿ. 2 ಎಚ್‌ಪಿ ಪೂರ್ತಿ ಬಳಕೆಯಾದರೆ 12 ಹಲ್ಲಿನ ಮೇಲೆ ಚೈನಿಗೆ ಸುಮಾರು 440 ಕೆ.ಜಿ. ಎಳೆತ ಬೀಳುತ್ತದೆ. 17 ಹಲ್ಲಿನ ಚಕ್ರ ದೊಡ್ಡದು, ಅಲ್ಲಿ ಅದು ಸುಮಾರು 310ಕ್ಕೆ ಇಳಿಯುತ್ತದೆ. ಪಿನ್ನು ಬುಷ್ಷನ್ನು ಒತ್ತುವ ಬಲ ಅಷ್ಟು ಕಡಿಮೆ. ಚೈನ್ ತುಂಡಾಗಲು ಹೆಚ್ಚುಕಡಿಮೆ 3 ಟನ್ ಬೇಕು, 440 ಏನು ಮಹಾ ಅನ್ನಿಸಬಹುದು. ತುಂಡಾಗೋದು ಬೇರೆ, ಸವೆಯೋದು ಬೇರೆ. ಸವೆತಕ್ಕೆ ಆ ಒತ್ತಡವೇ ಸಾಕು.

ಎರಡನೆಯದು ಜಗ್ಗಾಟ. ಚೈನ್ ಸುತ್ತೋದು ದುಂಡನೆ ಚಕ್ರದ ಮೇಲಲ್ಲ, ಬಹುಭುಜದ ಮೇಲೆ. 12 ಹಲ್ಲಿಗೆ ಚೈನಿನ ವೇಗ ಪ್ರತಿ ಹಲ್ಲಿಗೂ 3.4 ಶೇಕಡಾ ಏರಿಳಿಯುತ್ತದೆ, 17ಕ್ಕೆ ಅದರ ಅರ್ಧ.

ಮೂರನೆಯದು ನಿಮ್ಮ ಲೆಕ್ಕದಲ್ಲೇ ಇದೆ. 96ನ್ನು 12 ಸರಿಯಾಗಿ ಭಾಗಿಸುತ್ತದೆ. ಹಾಗಾಗಿ ಒಂದು ಹಲ್ಲಿಗೆ ಯಾವಾಗಲೂ ಅದೇ 8 ರೋಲರ್ ಸಿಗುತ್ತವೆ. 17 ಬೆಸ ಸಂಖ್ಯೆ, ಚೈನ್ 106 ಲಿಂಕ್ ಬರುತ್ತದೆ, ಪ್ರತಿ ಹಲ್ಲೂ ಎಲ್ಲ ರೋಲರ್ ಮುಟ್ಟುತ್ತದೆ. ಲಿಂಕ್ ಮಾತ್ರ ಸಮ ಸಂಖ್ಯೆಯಲ್ಲೇ ಇರಲಿ, ಇಲ್ಲದಿದ್ದರೆ ಹಾಫ್ ಲಿಂಕ್ ಹಾಕಬೇಕಾಗುತ್ತದೆ, ಅದು ಬಲ ಕಡಿಮೆ ಇರುವ ಜಾಗ. ಎದುರಿಗೆ 51 ಹಲ್ಲು ಹಾಕಿದರೆ ಕನ್ವೇಯರ್ ವೇಗ ಅಷ್ಟೇ ಉಳಿಯುತ್ತದೆ.

ಫಿಟ್ಟರ್:
51 ಹಲ್ಲು ಕೂರುವುದಿಲ್ಲ ಸರ್. ಶಾಫ್ಟ್ ಮಧ್ಯದಿಂದ ಕೆಳಗಿನ ಆಂಗಲ್‌ಗೆ 158 ಮಿ.ಮೀ. ಮಾತ್ರ ಇದೆ.

ಎಂಜಿನಿಯರ್:
ಹಾಗಾದರೆ ಆಗಲ್ಲ, 51ಕ್ಕೆ ಚೈನ್ ಸೇರಿ 163 ಬೇಕು. 15 ಮತ್ತು 45 ನೋಡಿ. 145 ಸಾಕಾಗುತ್ತದೆ, ಎಳೆತ ಸುಮಾರು 355 ಕೆ.ಜಿ., ಲಿಂಕ್ 102. ಮೋಟಾರ್ ಬೇಸಿನ ಸ್ಲಾಟ್‌ನಲ್ಲಿ ಹಿಂದೆ ಮುಂದೆ ಜರುಗಿಸಲು ಜಾಗ ಇದೆಯಾ ಅಂತ ಮೊದಲು ನೋಡಿಕೊಳ್ಳಿ.

ಚೈನ್, ಎರಡೂ ಸ್ಪ್ರಾಕೆಟ್ ಒಟ್ಟಿಗೇ ಹೊಸದಾಗಲಿ. ಕಳೆದ ಸಲ ಸವೆದ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದ್ದೂ ಬೇಗ ಸವೆಯಲು ಒಂದು ಕಾರಣ.

ಇನ್ನೊಬ್ಬ ಫಿಟ್ಟರ್, ಸಿಂಧನೂರು:
ಸರ್, ಹಲ್ಲು ಬದಲಿಸುವ ಬದಲು ಒಂದು ಇಂಚಿನ ಚೈನ್ ಹಾಕಿದರೆ? ಪಿನ್ನೇ ದಪ್ಪ ಇರುತ್ತದೆ. ಮತ್ತೆ ನಮ್ಮ ಮಿಲ್‌ನಲ್ಲಿ ಚೈನಿಗೆ ಎಣ್ಣೆ ಹಾಕೋದೇ ಇಲ್ಲ. ಎಣ್ಣೆ ಹಾಕಿದರೆ ತೌಡು, ಹೊಟ್ಟಿನ ಧೂಳು ಅಂಟುತ್ತದೆ.

ಎಂಜಿನಿಯರ್:
ಒಂದು ಇಂಚಿನ ಮಾತು ತಳ್ಳಿಹಾಕುವಂಥದ್ದಲ್ಲ. 13 ಮತ್ತು 39 ಹಲ್ಲು ಹಾಕಿದರೆ ಎಳೆತ 17 ಹಲ್ಲಿನಷ್ಟೇ ಇಳಿಯುತ್ತದೆ, ಪಿನ್ನೂ ದೊಡ್ಡದು. ಆದರೆ 39ರ ಚಕ್ರ 51ಕ್ಕಿಂತ ಸ್ವಲ್ಪ ದೊಡ್ಡದೇ, ಇವರ ಆಂಗಲ್‌ಗೆ ಅದೂ ತಾಗುತ್ತದೆ. ಖರ್ಚೂ ಜಾಸ್ತಿ. ಆಂಗಲ್ ಕತ್ತರಿಸಿ ಕೆಳಗೆ ಇಳಿಸಬಹುದಾದರೆ ಯಾವುದು ವಾಸಿ ಅಂತ ಮತ್ತೆ ಲೆಕ್ಕ ಹಾಕಬೇಕು.

ಎಣ್ಣೆಯ ವಿಷಯದಲ್ಲಿ ನಿಮ್ಮ ಭಯ ಸರಿ. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಇರುತ್ತದೆ. ಮೇಲೆ ಗ್ರೀಸ್ ಮೆತ್ತಿದರೆ ಅದು ಅರೆಯುವ ಪೇಸ್ಟ್ ಆಗುತ್ತದೆ, ಕೀಲಿನ ಒಳಗೂ ಹೋಗುವುದಿಲ್ಲ. ಹಾಗಂತ ಒಣಗಿಸಿ ಓಡಿಸಬೇಡಿ. ಮೋಟಾರ್ ನಿಲ್ಲಿಸಿ, ಸಡಿಲ ಇರುವ ಕಡೆ, ಒಳ ಪ್ಲೇಟ್ ಹೊರ ಪ್ಲೇಟ್ ನಡುವಿನ ಸಂದಿಗೆ 40 ಗ್ರೇಡಿನ ಆಯಿಲ್ ಹನಿ ಹನಿಯಾಗಿ ಬಿಡಿ. ಆಮೇಲೆ ಹೊರಗಿನದು ಒರೆಸಿಬಿಡಿ. ಪ್ಲೇಟ್ ಸಂದಿಯಲ್ಲಿ ಕೆಂಪು ಪುಡಿ ಕಂಡರೆ ಒಳಗೆ ಎಣ್ಣೆ ತಲುಪುತ್ತಿಲ್ಲ ಅಂತ ಅರ್ಥ.

ಸಿಂಧನೂರು ಫಿಟ್ಟರ್:
ಕೆಂಪು ಪುಡಿ ನಮ್ಮಲ್ಲಿ ತುಂಬಾ ಇದೆ. ಆದರೂ ಹೊಟ್ಟು ಹಾರುವ ಜಾಗದಲ್ಲಿ ಕವರ್ ಇಲ್ಲದೆ ಎಣ್ಣೆ ಹಾಕಲು ನನಗೆ ಧೈರ್ಯ ಬರುತ್ತಿಲ್ಲ.

ಗಂಗಾವತಿ ಫಿಟ್ಟರ್:
ಸ್ಲಾಟ್ ನೋಡಿದೆ ಸರ್, ಎರಡೂ ಕಡೆ 20 ಮಿ.ಮೀ. ಜಾಗ ಇದೆ. ಸದ್ಯಕ್ಕೆ 15/45 ಹಾಕುತ್ತೇನೆ. ಆಂಗಲ್ ಕತ್ತರಿಸೋದು ಸಾಹುಕಾರರನ್ನು ಕೇಳಬೇಕು. ಹೊಸ ಚೈನ್ ಹಾಕಿದ ದಿನವೇ 24 ಲಿಂಕ್ ಅಳೆದು ಗಾರ್ಡಿನ ಒಳಗೆ ಬರೆದಿಡುತ್ತೇನೆ. 466 ದಾಟಿದರೆ ತೆಗೆಯಬೇಕು, ಅಲ್ವಾ?

ಎಂಜಿನಿಯರ್:
ಹೌದು, 466.