ಅಂಕ ಕಡಿಮೆ ಬಂದ ಪದಗಳನ್ನಷ್ಟೇ ಕೇಳಿ ತಿದ್ದಿದರೆ ಸಾಕೇ?

ಕೆರೆದಂಡೆ:
ಕೋಲಾರದ ಕಡೆಯ ಕೆರೆಗಳ ಬಗ್ಗೆ ಹಿರಿಯರು ಆಡಿದ ಮಾತುಗಳ ಧ್ವನಿಮುದ್ರಣವನ್ನು ವಿಸ್ಪರ್ ಮೂಲಕ ಬರಹಕ್ಕೆ ಇಳಿಸುತ್ತಿದ್ದೇವೆ. ಯಂತ್ರಕ್ಕೆ ಎಷ್ಟು ಖಾತ್ರಿ ಇದೆ ಎಂದು ತೋರಿಸಲು ಪ್ರತಿ ಪದಕ್ಕೂ 0ಯಿಂದ 1ರವರೆಗೆ ಒಂದು ಅಂಕ ಸಿಗುತ್ತದೆ. 0.6ಕ್ಕಿಂತ ಕಡಿಮೆ ಬಂದ ಪದಕ್ಕೆ ಹಳದಿ ಬಣ್ಣ ಹಚ್ಚಿ ಕೊಟ್ಟರೆ ಕರಡು ತಿದ್ದುವವರು ಅಷ್ಟನ್ನೇ ಕೇಳಿ ನೋಡಿದರೆ ಸಾಕೇ? ಪೂರ್ತಿ ಕೇಳುತ್ತ ಕುಳಿತರೆ ಒಂದು ಗಂಟೆಯ ಮಾತಿಗೆ ಇಡೀ ದಿನ ಹಿಡಿಯುತ್ತಿದೆ.

ತಂತಿಮನೆ:
ಸಾಕು. 0.6 ಎಂಬುದು ನೀವು ಊಹಿಸಿದ ಸಂಖ್ಯೆಯಲ್ಲ, ವಿಸ್ಪರ್ ಮಾಡಿದವರೇ ಇಟ್ಟಿರುವ ಮಿತಿ. ಅದಕ್ಕಿಂತ ಮೇಲಿದ್ದರೆ ಯಂತ್ರಕ್ಕೆ ಅನುಮಾನವಿಲ್ಲ ಎಂದರ್ಥ. ಹಳದಿ ಬಿಟ್ಟು ಉಳಿದದ್ದನ್ನು ಮುಟ್ಟಬೇಡಿ.

ಹಳೆಯ ಕರಡು:
ತಂತಿಮನೆಯವರೇ, ನೀವು ಹೇಳುವ 0.6 ಇರುವುದು `no_speech_threshold` ಎಂಬಲ್ಲಿ. ಆ ತುಣುಕಿನಲ್ಲಿ ಮಾತೇ ಇಲ್ಲವೇನೋ ಎಂದು ತೀರ್ಮಾನಿಸುವಾಗ ಬಳಸುವ ಮಿತಿ ಅದು. ಪದದ ಅಂಕಕ್ಕೂ ಅದಕ್ಕೂ ಸಂಬಂಧವಿಲ್ಲ.

ಕೆರೆದಂಡೆಯವರೇ, ನಿಮ್ಮ ಮುದ್ರಣಗಳಲ್ಲಿ ನಿಜವಾದ ಅಪಾಯ ಹಳದಿ ಹತ್ತದ ಪದಗಳಲ್ಲಿದೆ. ಹಿರಿಯರು ‘ನೀರುಗಂಟಿ ತೂಬು ಎತ್ತುತ್ತಿದ್ದ’ ಎಂದಿರುತ್ತಾರೆ. ಯಂತ್ರ ‘ನೀರು ಗಂಟೆ ತುಂಬು’ ಎಂದು ಬರೆದರೆ ಆ ಮೂರೂ ಎಲ್ಲೆಡೆ ಬಳಕೆಯಲ್ಲಿರುವ ಪದಗಳು, ಹಾಗಾಗಿ ಅಂಕ ಮೇಲೆಯೇ ಇರಬಹುದು. ಅಪರೂಪದ ಪದ ಬಂದಾಗ ಯಂತ್ರ ಯಾವಾಗಲೂ ತಡವರಿಸುವುದಿಲ್ಲ. ಗೊತ್ತಿರುವ ಪದವೊಂದನ್ನು ಅದರ ಜಾಗದಲ್ಲಿ ಧೈರ್ಯವಾಗಿ ಕೂರಿಸಿಬಿಡುತ್ತದೆ. ತೂಬು, ಕೋಡಿ, ನೀರುಗಂಟಿ, ಊರುಗಳ ಹೆಸರು ಇವುಗಳ ಪಟ್ಟಿ ಮಾಡಿ, ಅವುಗಳ ಹತ್ತಿರ ಹತ್ತಿರ ಕೇಳಿಸುವ ಪದಗಳು ಎಲ್ಲೇ ಬಂದರೂ ಅಂಕ ನೋಡದೆ ಬಣ್ಣ ಹಚ್ಚಿ.

ಇನ್ನೊಂದು ವಿಷಯ. ಯಂತ್ರ ಕೈಬಿಟ್ಟ ಪದಕ್ಕೆ ಅಂಕವೇ ಇರುವುದಿಲ್ಲ. ‘ಇಲ್ಲ’ ಎಂಬುದೊಂದು ಬಿದ್ದುಹೋದರೆ ಸಾಲಿನ ಅರ್ಥವೇ ತಿರುಗುತ್ತದೆ, ಆದರೆ ಬಣ್ಣ ಹಚ್ಚಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಮಾತಿನ ಜಾಡು:
‘ಎತ್ತುತ್ತಿದ್ದ’ ಎಂದು ಕೋಲಾರದ ಯಾವ ಅಜ್ಜ ಹೇಳುತ್ತಾರೆ? ತಪ್ಪು ಶುರುವಾಗುವುದೇ ಇಲ್ಲಿ. ಅವರು ‘ಬತ್ತಿದ್ರು’ ಎಂದದ್ದನ್ನು ಯಂತ್ರ ‘ಬರುತ್ತಿದ್ದರು’ ಎಂದು ಬರೆಯುತ್ತದೆ, ಅಂಕವೂ ಚೆನ್ನಾಗಿಯೇ ಬರುತ್ತದೆ. ಹಳದಿ ಮಾತ್ರ ನೋಡುವವರಿಗೆ ಆ ಊರಿನ ಮಾತು ಅಳಿಸಿಹೋದದ್ದು ಗೊತ್ತೇ ಆಗುವುದಿಲ್ಲ. ಇಂಥದ್ದನ್ನು ಮೌಖಿಕ ದಾಖಲೆ ಎಂದು ಕರೆಯಬೇಡಿ.

ತಂತಿಮನೆ:
ಕೆರೆಯ ಇತಿಹಾಸ ಬೇಕೆಂದವರಿಗೆ ಉಪಭಾಷೆಯ ಪಾಠ ಏಕೆ? ‘ಬರುತ್ತಿದ್ದರು’ ಎಂದರೆ ಅರ್ಥ ಕೆಟ್ಟಿತೇ?

ಮಾತಿನ ಜಾಡು:
‘ಪಾಠ’ ಎಂದಿರಿ, ಸಂತೋಷ. ಧ್ವನಿ ಉಳಿದಿರುವಾಗಲೇ ಅದರ ಬರಹ ಬೇರೆ ಮಾತಾಡಿದರೆ ಮುಂದೆ ಓದುವವರು ಯಾವುದನ್ನು ನಂಬಬೇಕು?

ತಂತಿಮನೆ:
ಧ್ವನಿ ಉಳಿದಿದೆ ಎಂದು ನೀವೇ ಹೇಳಿದಿರಿ. ಬೇಕಾದವರು ಕೇಳಿಕೊಳ್ಳಲಿ.

ಬಿಡಿಪುಟ:
ನಾನು ಇದೇ ಕೆಲಸ ಕೂಲಿಗೆ ಮಾಡಿದವಳು. ಒಂದು ಸಂಸ್ಥೆ ಬಣ್ಣ ಹಚ್ಚಿದ ಪದಗಳಿಗೆ ಮಾತ್ರ ಲೆಕ್ಕ ಹಾಕಿ ಹಣ ಕೊಡುತ್ತಿತ್ತು. ಬಣ್ಣವಿಲ್ಲದ ಕಡೆ ತಪ್ಪು ಕಂಡು ತಿದ್ದಿದರೆ ಅದು ನನ್ನ ಸಮಯ, ನನ್ನ ನಷ್ಟ. ಒಂದೇ ಸಾಲು ನಾಲ್ಕು ಬಾರಿ ಬಂದಿತ್ತು, ಅದಕ್ಕೆ ಬಣ್ಣವೇ ಇರಲಿಲ್ಲ. ಆಡುಮಾತೋ ಗ್ರಂಥಭಾಷೆಯೋ ಎಂದು ಜಗಳವಾಡುವ ಮೊದಲು, ಬಣ್ಣವಿಲ್ಲದ್ದನ್ನು ಯಾರು ನೋಡುತ್ತಾರೆ, ಅದಕ್ಕೆ ಹಣ ಕೊಡುವವರು ಯಾರು ಎಂದು ಹೇಳಿ.

ಹಳೆಯ ಕರಡು:
ಒಂದೇ ಸಾಲು ಮತ್ತೆ ಮತ್ತೆ ಬಂದರೆ ಮೇಡಂ, ಅಂಕ ಇಳಿಯುವ ಬದಲು ಏರುತ್ತದೆ. ಹಿಂದೆ ಬರೆದದ್ದನ್ನು ನೋಡಿಕೊಂಡೇ ಯಂತ್ರ ಮುಂದಿನದನ್ನು ಊಹಿಸುವುದರಿಂದ, ಒಮ್ಮೆ ಸುಳಿಗೆ ಸಿಕ್ಕರೆ ಅದಕ್ಕೆ ಅನುಮಾನವೇ ಬರುವುದಿಲ್ಲ. ಮೌನದ ಜಾಗದಲ್ಲಿ ಇಲ್ಲದ ಮಾತು ಹುಟ್ಟುವುದೂ ಉಂಟು. ಇದನ್ನು ಅಂಕದಿಂದ ಹಿಡಿಯಲಾಗದು. ಪುನರಾವರ್ತನೆಯನ್ನು ಬೇರೆಯಾಗಿ ಹುಡುಕಬೇಕು. ಪದಗಳ ನಡುವಿನ ಸಮಯದ ಅಂತರ ನೋಡಿ, ಬರಹವಿಲ್ಲದ ಕಡೆ ಧ್ವನಿ ಇದೆಯೇ ಎಂದು ಕೇಳಬೇಕು.

ಮಾತಿನ ಜಾಡು:
ಮತ್ತೆ ವಿಷಯ ತಪ್ಪಿಸಿದಿರಿ. ‘ಬತ್ತಿದ್ರು’ ತಪ್ಪೋ ಸರಿಯೋ?

ಹಳೆಯ ಕರಡು:
ಅದನ್ನು ಕೆರೆದಂಡೆಯವರು ಮೊದಲೇ ಬರೆದಿಡಬೇಕು. ಆಡಿದಂತೆಯೇ ಬರೆಯಬೇಕು ಎಂಬುದು ನಿಯಮವಾದರೆ ಹಳದಿಯ ಉಪಾಯ ಕೈಕೊಡುತ್ತದೆ, ಏಕೆಂದರೆ ಯಂತ್ರ ಗ್ರಂಥಭಾಷೆಗೆ ತಿರುಗಿಸಿದ್ದು ಪದೇ ಪದೇ ಹೆಚ್ಚಿನ ಅಂಕದಲ್ಲೇ ಅಡಗಿರುತ್ತದೆ. ಅರ್ಥ ಸಾಕು ಎಂಬುದು ನಿಯಮವಾದರೆ ಉಪಾಯ ಸ್ವಲ್ಪ ಮಟ್ಟಿಗೆ ನಡೆಯುತ್ತದೆ.

ಮಾತಿನ ಜಾಡು:
‘ಅರ್ಥ ಸಾಕು’. ಇಷ್ಟೇ ಬೇಕಿತ್ತು ನನಗೆ. ಹಿರಿಯರ ಮಾತಿಗೆ ನೀವು ಕೊಡುವ ಬೆಲೆ ಇದು.

ತಂತಿಮನೆ:
ಸುಮ್ಮನೆ ಕೂಗಾಡಬೇಡಿ, ಅವರು ಎರಡೂ ದಾರಿ ಹೇಳಿದ್ದಾರೆ. ನನ್ನ ಪ್ರಶ್ನೆ ಬೇರೆ. ಅಂಕ ಇಷ್ಟು ಕೆಟ್ಟದ್ದಾದರೆ ಇಂಗ್ಲಿಷಿನಲ್ಲಿ ಇದೇ ಹಳದಿ ಚೆನ್ನಾಗಿ ನಡೆಯುವುದು ಹೇಗೆ? ನಾನೇ ಬಳಸಿದ್ದೇನೆ.

ಹಳೆಯ ಕರಡು:
ಯಂತ್ರ ಪದವನ್ನು ಟೋಕನ್ ಎಂಬ ಚೂರುಗಳಾಗಿ ಬರೆಯುತ್ತದೆ. ಇಂಗ್ಲಿಷಿನ ಸಾಮಾನ್ಯ ಪದ ಒಂದೆರಡು ಚೂರುಗಳಲ್ಲಿ ಮುಗಿಯುತ್ತದೆ. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೂ ಮೂರು ಬೈಟ್ ಬೇಕು, ಹಾಗಾಗಿ ಪದ ಅನೇಕ ಚೂರಾಗುತ್ತದೆ. ಮೊದಲ ಬೈಟ್ ಯಾವಾಗಲೂ E0, ಎರಡನೆಯದು B2 ಅಥವಾ B3. ಅವನ್ನು ಊಹಿಸಲು ಯಂತ್ರಕ್ಕೆ ಹೆಚ್ಚು ಕಷ್ಟವಿಲ್ಲ. ನಿಜವಾದ ಅನುಮಾನ ಹೆಚ್ಚಾಗಿ ಕೊನೆಯ ಬೈಟಿನಲ್ಲಿರುತ್ತದೆ. ಆದರೆ ವಿಸ್ಪರ್ ಪದದ ಅಂಕವನ್ನು ಚೂರುಗಳ ಸರಾಸರಿಯಾಗಿ ಕೊಡುತ್ತದೆ. ಹತ್ತು ಚೂರುಗಳಲ್ಲಿ ಒಂಬತ್ತಕ್ಕೆ 0.98, ಒಂದಕ್ಕೆ 0.20 ಬಂದರೂ ಪದಕ್ಕೆ ಸುಮಾರು 0.90 ಸಿಗುತ್ತದೆ, ಹಳದಿ ಹತ್ತುವುದಿಲ್ಲ. ‘ಕೋಡಿ’ ‘ಕೋಟಿ’ ಆಗಲು ಒಂದು ಚೂರು ಸಾಕು. `timing.py` ಕಡತದಲ್ಲಿ ಈ ಸಾಲು ನೋಡಿ:

```
np.mean(text_token_probs[i:j])
```

ಇಲ್ಲಿ `mean` ಬದಲು `min` ಎಂದು ಬರೆದರೆ ಪದದ ಅತ್ಯಂತ ದುರ್ಬಲ ಚೂರಿನ ಅಂಕವೇ ಪದದ ಅಂಕವಾಗುತ್ತದೆ.

ತಂತಿಮನೆ:
ಹಾಗೆ ಮಾಡಿದರೆ ಉದ್ದ ಪದಗಳೆಲ್ಲ ಹಳದಿಯಾಗುತ್ತವೆ. ‘ಮಾಡಿಸಿಕೊಡುತ್ತಿದ್ದರೆಂದು’ ಎಂಬಂಥ ಪದದಲ್ಲಿ ಎಲ್ಲೋ ಒಂದು ಚೂರು ದುರ್ಬಲವಾಗಿಯೇ ಇರುತ್ತದೆ. ಅರ್ಧ ಪುಟ ಬಣ್ಣವಾದರೆ ಕೆರೆದಂಡೆಯವರಿಗೆ ಉಳಿತಾಯವೇನು?

ಹಳೆಯ ಕರಡು:
ಅದಕ್ಕೇ ಮಿತಿಯನ್ನು ಊಹಿಸಬಾರದು, ಅಳೆಯಬೇಕು. ಮೂವರು ಬೇರೆ ಬೇರೆ ಮಾತುಗಾರರಿಂದ ಒಟ್ಟು ಹತ್ತು ನಿಮಿಷ ಆಯ್ದುಕೊಳ್ಳಿ. ಬಣ್ಣ ತೋರಿಸದೆ ಪೂರ್ತಿ ಕೇಳಿ ತಿದ್ದಿಸಿ, ಆಮೇಲೆ ಅಂಕಗಳ ಜೊತೆ ಹೋಲಿಸಿ. 900 ಪದಗಳಲ್ಲಿ 100 ತಪ್ಪು ಸಿಕ್ಕವು ಎಂದಿಟ್ಟುಕೊಳ್ಳಿ. 180 ಪದಗಳಿಗೆ ಹಳದಿ ಹತ್ತಿದ್ದು, ಅವುಗಳಲ್ಲಿ 65 ನಿಜವಾದ ತಪ್ಪು ಎಂದಾದರೆ ಐದನೆಯ ಒಂದು ಭಾಗ ಕೇಳಿ ಸುಮಾರು ಮೂರರಲ್ಲಿ ಎರಡು ತಪ್ಪು ಹಿಡಿದಂತಾಯಿತು. ಉಳಿದ 35 ಪ್ರಕಟವಾಗುತ್ತವೆ. ಕೈಬಿಟ್ಟುಹೋದ ಪದಗಳನ್ನು ಈ ಲೆಕ್ಕದ ಹೊರಗೆ ಬೇರೆಯಾಗಿ ಎಣಿಸಿ. ಮಿತಿ ಏರಿಸುತ್ತ, ಇಳಿಸುತ್ತ ಇದೇ ಲೆಕ್ಕ ಮತ್ತೆ ಮಾಡಿ. ಆ 35 ಎಷ್ಟಕ್ಕೆ ಇಳಿದರೆ ಒಪ್ಪುತ್ತೀರಿ ಎಂಬುದು ನಿಮ್ಮ ನಿರ್ಧಾರ.

ಬಿಡಿಪುಟ:
‘ಪೂರ್ತಿ ಕೇಳಿ ತಿದ್ದಿಸಿ’ ಎಂದಿರಲ್ಲ, ಆ ಹತ್ತು ನಿಮಿಷಕ್ಕೂ ಪದಗಳ ಲೆಕ್ಕದಲ್ಲೇ ಹಣ ಕೊಟ್ಟರೆ ಯಾರೂ ಗಮನವಿಟ್ಟು ಮಾಡುವುದಿಲ್ಲ. ಗಂಟೆಯ ಲೆಕ್ಕದಲ್ಲಿ ಕೊಡಿ.

ಕೆರೆದಂಡೆ:
ಹಣದ ವಿಷಯ ನಮ್ಮ ಕೈಯಲ್ಲಿಲ್ಲ. `min` ಹಾಕಿ ಒಂದು ಮುದ್ರಣವನ್ನು ಮತ್ತೆ ಓಡಿಸಿದೆ. ‘ಕೋಟಿ ಬಿತ್ತು’ ಈಗ ಹಳದಿಯಾಗಿದೆ. ‘ನೀರು ಗಂಟೆ’ ಮಾತ್ರ ಇನ್ನೂ ಬಿಳಿಯಾಗಿಯೇ ಇದೆ.

ಮಾತಿನ ಜಾಡು:
‘ಬರುತ್ತಿದ್ದರು’ ಏನಾಯಿತು, ಅದನ್ನು ಹೇಳಿ.

ತಂತಿಮನೆ:
ಬಣ್ಣ ಹತ್ತಿದ ಪದಗಳು ಎಷ್ಟಕ್ಕೆ ಏರಿದವು, ಮೊದಲು ಅದನ್ನು ಹೇಳಿ.